ಏರಿಕೆಯ ಹಿಂದೆ ಎಷ್ಟು ಬಲ?

ಒಂದು ಷೇರು ನಿನ್ನೆ 410 ರೂಪಾಯಿಗೆ ಮುಗಿದಿತ್ತು, ಇವತ್ತು 420ಕ್ಕೆ ಮುಗಿಯಿತು ಎಂದುಕೊಳ್ಳಿ. ಸಂಜೆಯ ಸುದ್ದಿಯಲ್ಲಿ ಬರುವುದು ಇಷ್ಟೇ: ಹತ್ತು ರೂಪಾಯಿ ಏರಿಕೆ. ಆದರೆ ಈ ಹತ್ತು ರೂಪಾಯಿ ಏರುವಾಗ ಕೈ ಬದಲಾಯಿಸಿದ ಷೇರುಗಳು 50 ಸಾವಿರವೋ 8 ಲಕ್ಷವೋ ಎಂಬುದನ್ನು ಕೇಳದಿದ್ದರೆ ಅರ್ಧ ಕಥೆ ಮಾತ್ರ ಗೊತ್ತಾದಂತೆ. 50 ಸಾವಿರ ಷೇರುಗಳ ವಹಿವಾಟಿನಲ್ಲಿ ಬೆಲೆ ಮೇಲೆ ಹೋಗಿದ್ದರೆ ಅದು ಮಾರುವವರು ಆ ದಿನ ಸುಮ್ಮನಿದ್ದುದರ ಫಲವೂ ಇರಬಹುದು. 8 ಲಕ್ಷ ಷೇರುಗಳನ್ನು ಮಾರುವವರು ತಂದು ಸುರಿದರೂ ಕೊಳ್ಳುವವರು ಅಷ್ಟನ್ನೂ ನುಂಗಿ ಬೆಲೆಯನ್ನು ಹತ್ತು ರೂಪಾಯಿ ಮೇಲಕ್ಕೆ ಒಯ್ದಿದ್ದರೆ ಅದು ಬೇರೆಯೇ ಮಾತು.

ಬೆಲೆ ಮತ್ತು ವಾಲ್ಯೂಮ್ ಎರಡನ್ನೂ ಒಂದೇ ಸಂಖ್ಯೆಗೆ ಇಳಿಸುವ ಸರಳ ಉಪಾಯವೊಂದನ್ನು ಅಲೆಕ್ಸಾಂಡರ್ ಎಲ್ಡರ್ ಎಂಬ ವೈದ್ಯರು ತಮ್ಮ ‘ಟ್ರೇಡಿಂಗ್ ಫಾರ್ ಎ ಲಿವಿಂಗ್’ ಪುಸ್ತಕದಲ್ಲಿ 1993ರಲ್ಲಿ ವಿವರಿಸಿದರು. ಎಲ್ಡರ್ ಲೆನಿನ್‌ಗ್ರಾಡ್‌ನಲ್ಲಿ ಹುಟ್ಟಿ ಎಸ್ಟೋನಿಯಾದಲ್ಲಿ ಬೆಳೆದವರು. ಸೋವಿಯತ್ ಹಡಗೊಂದರಲ್ಲಿ ವೈದ್ಯರಾಗಿದ್ದಾಗ ಆಫ್ರಿಕಾದ ಬಂದರಿನಲ್ಲಿ ತಪ್ಪಿಸಿಕೊಂಡು ಅಮೆರಿಕ ಸೇರಿದರು, ನ್ಯೂಯಾರ್ಕ್‌ನಲ್ಲಿ ಮನೋವೈದ್ಯರಾದರು. ಚಾರ್ಟಿನಲ್ಲಿ ಅವರು ಹುಡುಕುತ್ತಿದ್ದುದು ಜನಸಮೂಹದ ಉತ್ಸಾಹವನ್ನೂ ಭಯವನ್ನೂ. ಅವರ ಫೋರ್ಸ್ ಇಂಡೆಕ್ಸ್ ಅಳೆಯುವುದೂ ಅದನ್ನೇ. ಲೆಕ್ಕ ಒಂದೇ ಸಾಲಿನದು:

ಬಲ = (ಇಂದಿನ ಮುಕ್ತಾಯ ಬೆಲೆ − ನಿನ್ನೆಯ ಮುಕ್ತಾಯ ಬೆಲೆ) × ಇಂದಿನ ವಾಲ್ಯೂಮ್

ಬೆಲೆ ಏರಿದ್ದರೆ ಉತ್ತರ ಸೊನ್ನೆಯ ಮೇಲೆ, ಇಳಿದಿದ್ದರೆ ಸೊನ್ನೆಯ ಕೆಳಗೆ. ಮೇಲಿನ ಉದಾಹರಣೆಯಲ್ಲಿ 50 ಸಾವಿರ ಷೇರುಗಳ ದಿನದ ಬಲ 5 ಲಕ್ಷ, 8 ಲಕ್ಷ ಷೇರುಗಳ ದಿನದ ಬಲ 80 ಲಕ್ಷ. ಈ ಸಂಖ್ಯೆ ರೂಪಾಯಿಯೂ ಅಲ್ಲ, ಷೇರುಗಳ ಎಣಿಕೆಯೂ ಅಲ್ಲ, ಎರಡರ ಗುಣಲಬ್ಧ. ಹಾಗಾಗಿ ಒಂದು ಕಂಪನಿಯ ಬಲವನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಒಂದೇ ಷೇರಿನ ಇವತ್ತಿನ ಬಲವನ್ನು ಅದರದೇ ಹಿಂದಿನ ದಿನಗಳ ಪಕ್ಕ ಇಟ್ಟು ನೋಡಬಹುದು, ಅಷ್ಟೇ.

ಹೀಗೆ ಬಂದ ದಿನದಿನದ ಸಂಖ್ಯೆಗಳನ್ನು ನೇರವಾಗಿ ಚಾರ್ಟಿಗೆ ಹಾಕಿದರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಒಂದು ದಿನ ಮೇಲೆ, ಮರುದಿನ ಕೆಳಗೆ, ಮತ್ತೆ ಮೇಲೆ. ಓದಲು ಬರುವಂತಾಗಬೇಕಾದರೆ ಸರಾಸರಿ ತೆಗೆದು ಸಮಗೊಳಿಸಬೇಕು. ಎಷ್ಟು ದಿನದ ಸರಾಸರಿ ಎಂಬ ಪ್ರಶ್ನೆ ಬರುವುದು ಇಲ್ಲಿ, ಮತ್ತು ಈ ಸೂಚಕದ ಉಪಯೋಗವೆಲ್ಲ ನಿಂತಿರುವುದು ಆ ಪ್ರಶ್ನೆಯ ಉತ್ತರದ ಮೇಲೆ.

ಇಲ್ಲಿ ಬಳಸುವುದು ಮಾಮೂಲಿ ಸರಾಸರಿಯಲ್ಲ. ಚಾರ್ಟ್ ನೋಡುವವರು ಇಎಂಎ ಎಂದು ಕರೆಯುವ, ಹೊಸ ದಿನಕ್ಕೆ ಹೆಚ್ಚು ತೂಕ ಕೊಟ್ಟು ಹಳೆಯ ದಿನಗಳನ್ನು ನಿಧಾನವಾಗಿ ಮರೆಯುತ್ತ ಹೋಗುವ ಸರಾಸರಿ. ಇವತ್ತಿನ ದಿನಕ್ಕೆ ಸಿಗುವ ತೂಕವನ್ನು ಕಂಡುಹಿಡಿಯಲು ಅವಧಿಗೆ ಒಂದು ಕೂಡಿಸಿ, ಅದರಿಂದ ಎರಡನ್ನು ಭಾಗಿಸಬೇಕು. ಎಲ್ಡರ್ ಹೇಳಿದ್ದು ಎರಡು ಅವಧಿಗಳನ್ನು: ಎರಡು ದಿನ ಮತ್ತು ಹದಿಮೂರು ದಿನ. ಎರಡು ದಿನದ ಸರಾಸರಿಯಲ್ಲಿ ಇವತ್ತಿನ ತೂಕ ಮೂರರಲ್ಲಿ ಎರಡು ಪಾಲು. ನಿನ್ನೆಯವರೆಗಿನದಕ್ಕೆಲ್ಲ ಸೇರಿ ಉಳಿಯುವುದು ಒಂದೇ ಪಾಲು. ಹದಿಮೂರು ದಿನದ ಸರಾಸರಿಯಲ್ಲಿ ಇವತ್ತಿನ ತೂಕ ಏಳರಲ್ಲಿ ಒಂದು ಪಾಲು ಮಾತ್ರ. ಮೊದಲನೆಯದಕ್ಕೆ ನಿನ್ನೆ ಮೊನ್ನೆಯದು ಬಿಟ್ಟರೆ ಹೆಚ್ಚು ನೆನಪಿಲ್ಲ. ಎರಡನೆಯದಕ್ಕೆ ಎರಡು ಮೂರು ವಾರದ ನೆನಪಿದೆ.

ಇದನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ. ಕೆಳಗಿನದು ವಿವರಣೆಗಾಗಿ ಕಟ್ಟಿಕೊಂಡ ಷೇರು. ವಾಲ್ಯೂಮ್ ಲಕ್ಷಗಳಲ್ಲಿರುವುದರಿಂದ ಬಲವನ್ನೂ ಲಕ್ಷಗಳಲ್ಲೇ ಹೇಳುತ್ತೇನೆ. ಕೆಲವು ವಾರಗಳಿಂದ ಷೇರು ಏರುಮುಖದಲ್ಲಿದೆ. ಶುಕ್ರವಾರ 420ಕ್ಕೆ ಮುಗಿದಾಗ ಎರಡು ದಿನದ ಸರಾಸರಿ 12, ಹದಿಮೂರು ದಿನದ್ದು 14; ಎರಡೂ ಸೊನ್ನೆಯ ಮೇಲೆ.

ಸೋಮವಾರ ಬೆಲೆ 424ಕ್ಕೆ ಮುಗಿಯಿತು, ವಹಿವಾಟು 6 ಲಕ್ಷ ಷೇರು. ನಾಲ್ಕು ರೂಪಾಯಿ ಆರು ಲಕ್ಷ, ಬಲ 24. ಎರಡು ದಿನದ ಸರಾಸರಿಗೆ 24ರ ಮೂರರಲ್ಲಿ ಎರಡು ಪಾಲು, ಅಂದರೆ 16, ಹಳೆಯ 12ರ ಮೂರರಲ್ಲಿ ಒಂದು ಪಾಲು, ಅಂದರೆ 4, ಕೂಡಿದರೆ 20. ಹದಿಮೂರು ದಿನದ್ದಕ್ಕೆ ಇನ್ನೂ ಸುಲಭದ ದಾರಿಯಿದೆ. ಹಳೆಯ ಸರಾಸರಿಗೂ ಹೊಸ ಬಲಕ್ಕೂ ಇರುವ ಅಂತರವನ್ನು ಏಳರಿಂದ ಭಾಗಿಸಿ ಹಳೆಯದಕ್ಕೆ ಸೇರಿಸಿದರಾಯಿತು. 14ರಿಂದ 24ಕ್ಕೆ ಅಂತರ 10, ಅದರ ಏಳನೇ ಒಂದು ಪಾಲು ಸುಮಾರು 1.4; ಹೊಸ ಸರಾಸರಿ 15.4.

ಮಂಗಳವಾರ ಬೆಲೆ 421ಕ್ಕೆ ಇಳಿಯಿತು, ವಹಿವಾಟು 4 ಲಕ್ಷ. ಬಲ −12. ಎರಡು ದಿನದ ಸರಾಸರಿ 20ರಿಂದ ಒಮ್ಮೆಲೇ −1.3ಕ್ಕೆ ಬಿತ್ತು. ಹದಿಮೂರು ದಿನದ್ದು 15.4ರಿಂದ 11.5ಕ್ಕೆ ಬಂತು. ಬುಧವಾರ 418, ವಹಿವಾಟು 3 ಲಕ್ಷ, ಬಲ −9. ಎರಡು ದಿನದ್ದು −6.4, ಹದಿಮೂರು ದಿನದ್ದು 8.6.

ಬುಧವಾರ ಸಂಜೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಿಕ್ಕ ಅವಧಿಯದ್ದು ಸೊನ್ನೆಯ ಕೆಳಗೆ ಹೋಗಿದೆ, ದೊಡ್ಡದು ಇನ್ನೂ ಮೇಲೇ ಇದೆ. ಬೆಲೆ ಎರಡು ದಿನ ಇಳಿದಿದ್ದರೂ ಇಳಿಯುವಾಗ ವಹಿವಾಟು ಆರರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಕರಗಿದೆ. ಮಾರುವವರಲ್ಲಿ ಆತುರವಿಲ್ಲ. ಏರುಮುಖದ ಷೇರು ಉಸಿರು ತೆಗೆದುಕೊಳ್ಳುತ್ತಿರುವ ಇಂಥ ಹೊತ್ತಿನಲ್ಲೇ ಕೊಳ್ಳಲು ನೋಡಬೇಕು ಎಂಬುದು ಎಲ್ಡರ್ ವಿಧಾನದ ತಿರುಳು. ಎರಡು ದಿನದ ಬಲ ಎತ್ತರಕ್ಕೆ ಹಾರಿರುವಾಗ, ಅಂದರೆ ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿರುವ ದಿನ, ಅವರು ಕೊಳ್ಳುವುದಿಲ್ಲ. ಹೊಸಬರಲ್ಲಿ ಹೆಚ್ಚಿನವರು ಮಾಡುವುದು ಇದರ ತದ್ವಿರುದ್ಧ.

ಹಾಗೆಂದು ಸೊನ್ನೆಯ ಕೆಳಗೆ ಹೋದ ಕೂಡಲೇ ಕೊಳ್ಳುವುದೂ ಅಲ್ಲ. ಆ ದಿನದ ಗರಿಷ್ಠ ಬೆಲೆಗಿಂತ ತುಸು ಮೇಲೆ ಟ್ರಿಗರ್ ಇಟ್ಟು ಕಾಯಬೇಕು. ನಮ್ಮ ಷೇರು ಬುಧವಾರ ಮುಟ್ಟಿದ ಗರಿಷ್ಠ 422, ಕನಿಷ್ಠ 416.50 ಎಂದಿಟ್ಟುಕೊಂಡರೆ ಗುರುವಾರಕ್ಕೆ 422.50ರ ಟ್ರಿಗರ್ ಇಡಬಹುದು. ಬೆಲೆ ತಾನಾಗಿ ಮೇಲೆ ತಿರುಗಿ ಬಂದರೆ ಮಾತ್ರ ಷೇರು ಕೈಗೆ ಬರುತ್ತದೆ. ಬಂದ ಕೂಡಲೇ 416ಕ್ಕೆ ಸ್ಟಾಪ್‌ಲಾಸ್. ಷೇರಿಗೆ ಆರೂವರೆ ರೂಪಾಯಿ ಮಾತ್ರ ಅಪಾಯಕ್ಕೆ ಒಡ್ಡಿದಂತೆ. ಗುರುವಾರ ಟ್ರಿಗರ್ ಮುಟ್ಟದೆ ಬೆಲೆ ಇನ್ನೂ ಇಳಿದರೆ ಆರ್ಡರನ್ನು ಆ ದಿನದ ಗರಿಷ್ಠದ ಮೇಲಕ್ಕೆ ಇಳಿಸಿಕೊಂಡು ಶುಕ್ರವಾರಕ್ಕೆ ಕಾಯುವುದು. ಈ ನಡುವೆ ಹದಿಮೂರು ದಿನದ್ದೂ ಸೊನ್ನೆಯ ಕೆಳಗೆ ಜಾರಿಬಿಟ್ಟರೆ ಆರ್ಡರನ್ನೇ ತೆಗೆದುಹಾಕುವುದು ಲೇಸು. ಉಸಿರು ತೆಗೆದುಕೊಳ್ಳುತ್ತಿದೆ ಎಂದುಕೊಂಡದ್ದು ದಿಕ್ಕು ಬದಲಿಸುತ್ತಿದೆ ಎಂದಾಯಿತು.

ನಮ್ಮ ಉದಾಹರಣೆಯಲ್ಲಿ ಗುರುವಾರ ಬೆಲೆ 425ಕ್ಕೆ ಮುಗಿದು 7 ಲಕ್ಷ ಷೇರುಗಳ ವಹಿವಾಟು ನಡೆಯಿತು ಎನ್ನೋಣ. ಬಲ 49. ಎರಡು ದಿನದ ಸರಾಸರಿ −6.4ರಿಂದ 30.5ಕ್ಕೆ ಜಿಗಿಯುತ್ತದೆ, ಹದಿಮೂರು ದಿನದ್ದು 14.4ಕ್ಕೆ ಬರುತ್ತದೆ. ನಾಲ್ಕು ದಿನದಲ್ಲಿ ಚಿಕ್ಕದು ಸೊನ್ನೆಯನ್ನು ಎರಡು ಸಲ ದಾಟಿತು. ದೊಡ್ಡದು ಒಂದು ಸುತ್ತು ತಗ್ಗಿ ಶುಕ್ರವಾರ ಇದ್ದಲ್ಲಿಗೇ ಬಂದು ನಿಂತಿತು.

ಅವಧಿಯ ಆಯ್ಕೆ ಹೇಗೆ ಎಂಬುದಕ್ಕೆ ಈ ನಾಲ್ಕು ದಿನಗಳಲ್ಲೇ ಉತ್ತರವಿದೆ. ಷೇರನ್ನು ಮೂರು ದಿನದಿಂದ ಒಂದು ವಾರದವರೆಗೆ ಇಟ್ಟುಕೊಳ್ಳುವ ಉದ್ದೇಶವಿದ್ದರೆ ಒಳಗೆ ಹೋಗುವ ಗಳಿಗೆಯನ್ನು ಹದಿಮೂರು ದಿನದ ಸರಾಸರಿಯಿಂದ ಹುಡುಕಿ ಪ್ರಯೋಜನವಿಲ್ಲ. ಮೇಲಿನ ಇಳಿತವನ್ನು ಅದು ಸಣ್ಣ ತಗ್ಗಾಗಿ ತೋರಿಸಿತೇ ಹೊರತು ಕೊಳ್ಳುವ ದಿನ ಇದು ಎಂದು ಬೆರಳು ಮಾಡಲಿಲ್ಲ. ಅದು ಸೊನ್ನೆ ದಾಟುವವರೆಗೆ ಕಾದರೆ ಒಂದು ವಾರದ ವ್ಯವಹಾರವೇ ಮುಗಿದಿರುತ್ತದೆ. ಇನ್ನು ಒಂದೆರಡು ತಿಂಗಳು ಇಟ್ಟುಕೊಳ್ಳಬೇಕೆಂದವರು ಎರಡು ದಿನದ ಸರಾಸರಿ ಕೆಳಗೆ ಹೋದಾಗಲೆಲ್ಲ ಮಾರಿ, ಮೇಲೆ ಬಂದಾಗಲೆಲ್ಲ ಕೊಳ್ಳುತ್ತ ಹೋದರೆ ತಿಂಗಳಿಗೆ ಹಲವು ಸಲ ಒಳಗೂ ಹೊರಗೂ ಓಡಾಡಬೇಕಾಗುತ್ತದೆ. ಡೆಲಿವರಿ ವ್ಯವಹಾರದಲ್ಲಿ ಕೊಳ್ಳುವಾಗಲೂ ಮಾರುವಾಗಲೂ ತಲಾ 0.1 ಶೇಕಡಾ ಎಸ್‌ಟಿಟಿ ತೆರಬೇಕು, ಅದರ ಮೇಲೆ ಇತರ ಶುಲ್ಕಗಳು. ಲಾಭ ಅಲ್ಲೇ ಸೋರಿಹೋಗುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕಿಂತ ಎರಡಕ್ಕೂ ಬೇರೆ ಬೇರೆ ಕೆಲಸ ಒಪ್ಪಿಸುವುದು ಸರಿಯಾದ ದಾರಿ. ಹದಿಮೂರು ದಿನದ್ದು ಯಾವ ಕಡೆ ನಿಲ್ಲಬೇಕೆಂದು ಹೇಳಲಿ, ಎರಡು ದಿನದ್ದು ಯಾವತ್ತು ಎಂದು ಹೇಳಲಿ. ಚಾರ್ಟ್ ತೋರಿಸುವ ಆ್ಯಪ್‌ಗಳಲ್ಲಿ Elder Force Index ಎಂದು ಹುಡುಕಿದರೆ ಸಾಮಾನ್ಯವಾಗಿ 13ರ ಅವಧಿಯೊಂದಿಗೆ ಒಂದು ಪಟ್ಟಿ ಬಂದು ಕೂರುತ್ತದೆ. ಅದನ್ನೇ ಇನ್ನೊಮ್ಮೆ ಸೇರಿಸಿ ಅವಧಿಯನ್ನು 2 ಎಂದು ಬದಲಾಯಿಸಿದರೆ ಎರಡೂ ಒಂದರ ಕೆಳಗೊಂದು ಸಿಗುತ್ತವೆ. ಒಂದು ಎಚ್ಚರ: ಆ 13 ಎಂಬುದು ದಿನಗಳಲ್ಲ, ಕ್ಯಾಂಡಲ್‌ಗಳು. ವಾರದ ಚಾರ್ಟಿನಲ್ಲಿ ಅದೇ 13 ಒಂದು ತ್ರೈಮಾಸಿಕದಷ್ಟು ಉದ್ದವಾಗುತ್ತದೆ, ಹದಿನೈದು ನಿಮಿಷದ ಚಾರ್ಟಿನಲ್ಲಿ ಒಂದು ಮಧ್ಯಾಹ್ನದಷ್ಟಕ್ಕೆ ಇಳಿಯುತ್ತದೆ. ನಿಮಿಷಗಳ ಚಾರ್ಟಿನಲ್ಲಿ ಇನ್ನೊಂದು ತೊಡಕೂ ಇದೆ. ಬೆಳಗಿನ ಮೊದಲ ಕ್ಯಾಂಡಲ್‌ನಲ್ಲಿ ರಾತ್ರಿಯಿಡೀ ಕೂಡಿಬಂದ ಬೆಲೆಯ ಅಂತರ ಮತ್ತು ಪೇಟೆ ತೆರೆದಾಗಿನ ಭಾರೀ ವಹಿವಾಟು ಗುಣಿಸಲ್ಪಡುವುದರಿಂದ ಬಹಳಷ್ಟು ಬೆಳಗುಗಳಲ್ಲಿ ದೊಡ್ಡ ಕಡ್ಡಿಯೊಂದು ಎದ್ದು ನಿಲ್ಲುತ್ತದೆ. ಅದು ಆ ದಿನದ ಬಲವಲ್ಲ.

ಎರಡು ಮತ್ತು ಹದಿಮೂರರ ನಡುವೆ ಐದೋ ಎಂಟೋ ಹಾಕಿ ನೋಡಬಾರದೇ ಎಂದರೆ ಧಾರಾಳವಾಗಿ ನೋಡಬಹುದು. ಹದಿಮೂರರಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಆದರೆ ನೋಡುವ ಕ್ರಮವೊಂದಿದೆ. ಒಂದೇ ಷೇರಿನ ಹಳೆಯ ಚಾರ್ಟನ್ನು ಮುಂದಿಟ್ಟುಕೊಂಡು ಯಾವ ಅವಧಿಯಲ್ಲಿ ಲಾಭ ಅತಿ ಹೆಚ್ಚು ಬರುತ್ತಿತ್ತು ಎಂದು ಹುಡುಕುತ್ತ ಹೋದರೆ ಯಾವುದೋ ಒಂದು ಸಂಖ್ಯೆ ಅದ್ಭುತವಾಗಿ ಕಂಡೇ ಕಾಣುತ್ತದೆ. ಅದರ ಅಕ್ಕಪಕ್ಕದ ಸಂಖ್ಯೆಗಳನ್ನೂ ಹಾಕಿ ನೋಡಿ. 11, 13, 15 ಮೂರೂ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟರೆ ಅಲ್ಲೊಂದು ಹುರುಳಿದೆ. 13ರಲ್ಲಿ ಭರ್ಜರಿ ಲಾಭ, 12ರಲ್ಲೂ 14ರಲ್ಲೂ ನಷ್ಟ ಎಂದಾದರೆ ಆ ಲಾಭ ಕಾಕತಾಳೀಯ, ಮುಂದಿನ ವರ್ಷ ಇರುವುದಿಲ್ಲ.

ಎರಡು ದಿನದ ಬಲದಲ್ಲಿ ಎಲ್ಡರ್ ಗುರುತಿಸಿದ ಇನ್ನೊಂದು ಲಕ್ಷಣ ನಮ್ಮ ಪೇಟೆಯವರಿಗೂ ಪರಿಚಿತ. ಅದು ಸಾಮಾನ್ಯವಾಗಿ ಇಳಿಯುವ ಆಳಕ್ಕಿಂತ ಐದು ಪಟ್ಟು ಅಥವಾ ಹೆಚ್ಚು ಆಳಕ್ಕೆ ಕುಸಿದು ಮರಳಿ ಮೇಲೇಳತೊಡಗಿದರೆ, ಹೆದರಿ ಮಾರಬೇಕಾದವರು ಮಾರಿ ಮುಗಿಸಿದ್ದಾರೆ, ಮುಂದಿನ ಕೆಲವು ದಿನ ಬೆಲೆ ಏರಬಹುದು ಎಂದು ಅವರ ಎಣಿಕೆ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ. ಹಿಂದಿನ ದಿನ 23,263.90ಕ್ಕೆ ಮುಗಿದಿದ್ದ ನಿಫ್ಟಿ ಅಂದು 1,379 ಅಂಶ ಕುಸಿದು 21,884.50ಕ್ಕೆ ಬಂತು, ವಹಿವಾಟು ಭಾರೀ ಇತ್ತು. ಬೆಲೆಯ ದೊಡ್ಡ ಇಳಿತ ಮತ್ತು ದೊಡ್ಡ ವಾಲ್ಯೂಮ್ ಗುಣಿಸಿದಾಗ ಬರುವ ಆಳವನ್ನು ಊಹಿಸಬಹುದು. ಮರುದಿನವೇ ಸೂಚ್ಯಂಕ 22,620ಕ್ಕೆ ಏರಿತು, ಜೂನ್ 7ರಂದು 23,290ಕ್ಕೆ ಮುಗಿದು ಕಳೆದುಕೊಂಡದ್ದನ್ನೆಲ್ಲ ಮರಳಿ ಪಡೆಯಿತು.

ಈಗ 2020ರ ಮಾರ್ಚ್ 12ನ್ನು ನೋಡಿ. ಕೋವಿಡ್ ಭೀತಿಯಲ್ಲಿ ನಿಫ್ಟಿ 868 ಅಂಶ ಬಿದ್ದು 9,590ಕ್ಕೆ ಮುಗಿಯಿತು. ಮರುದಿನ ಬೆಳಗ್ಗೆ ಸರ್ಕ್ಯೂಟ್ ಮುಟ್ಟಿ ವಹಿವಾಟು ನಿಂತು, ಮತ್ತೆ ಶುರುವಾದ ಮೇಲೆ ಚೇತರಿಸಿಕೊಂಡು 9,955ಕ್ಕೆ ಮುಗಿಯಿತು. ಆಳದ ಕುಸಿತ, ಹಿಂದೆಯೇ ಮೇಲೇಳುವಿಕೆ: ಎರಡು ದಿನದ ಬಲವನ್ನಷ್ಟೇ ನೋಡಿದವರಿಗೆ ಇದೂ ಮಾರುವವರು ಮುಗಿದಂತೆಯೇ ಕಾಣುತ್ತದೆ. ಆದರೆ ಮಾರ್ಚ್ 23ಕ್ಕೆ ನಿಫ್ಟಿ 7,610ರಲ್ಲಿತ್ತು. ಎರಡರ ನಡುವಿನ ವ್ಯತ್ಯಾಸ ಇರುವುದು ಕುಸಿತದ ಹಿಂದಿನ ವಾರಗಳಲ್ಲಿ. 2024ರಲ್ಲಿ ಕುಸಿತದ ಮುನ್ನಾದಿನ ಸೂಚ್ಯಂಕ ದಾಖಲೆಯ ಎತ್ತರದಲ್ಲಿತ್ತು. 2020ರಲ್ಲಿ ಫೆಬ್ರವರಿಯ ಕೊನೆಯ ವಾರದಿಂದಲೇ ಅದು ಜಾರುತ್ತಿತ್ತು. ಮಧ್ಯಮ ಅವಧಿಯ ಬಲ ಸೊನ್ನೆಯ ಕೆಳಗಿರುವಾಗ ಚಿಕ್ಕ ಅವಧಿಯ ಆಳ ಕೊಳ್ಳುವ ಕರೆಯಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಇಂಥ ದೊಡ್ಡ ಕುಸಿತದ ದಿನ ಹದಿಮೂರು ದಿನದ ಸರಾಸರಿಯೂ ಸೊನ್ನೆಯ ಕೆಳಗೆ ಎಳೆದುಕೊಂಡು ಹೋಗುವುದು ಸಹಜ. ಏಳನೇ ಒಂದು ಪಾಲೇ ಆದರೂ ಆ ಒಂದು ದಿನದ ಬಲ ಅಷ್ಟು ದೊಡ್ಡದಿರುತ್ತದೆ. ಹಾಗಾಗಿ ಆ ಸಂಜೆಯ ಸಂಖ್ಯೆಯನ್ನಲ್ಲ, ಹಿಂದಿನ ಎರಡು ವಾರ ಅದು ಎಲ್ಲಿತ್ತು ಎಂಬುದನ್ನು ನೋಡಬೇಕು. ಜೊತೆಗೆ ನಿಫ್ಟಿ ಒಂದು ಲೆಕ್ಕದ ಸಂಖ್ಯೆ. ಅದು ತಾನಾಗಿ ಕೊಳ್ಳಲು ಮಾರಲು ಸಿಗುವುದಲ್ಲ. ಅದರ ಬಲ ಅಳೆಯಲು ನಿಫ್ಟಿಯ ಫ್ಯೂಚರ್ಸ್ ಅಥವಾ ಇಟಿಎಫ್‌ನ ವಾಲ್ಯೂಮ್ ಹಿಡಿಯಬೇಕು. ಬಿಡಿ ಷೇರುಗಳಲ್ಲಿ ಈ ತಾಪತ್ರಯವಿಲ್ಲ.

ಹದಿಮೂರು ದಿನದ್ದಕ್ಕೆ ದಿಕ್ಕು ತೋರಿಸುವುದರ ಜೊತೆ ಇನ್ನೊಂದು ಕೆಲಸವಿದೆ. ಷೇರಿನ ಬೆಲೆ ಹೊಸ ಎತ್ತರ ಮುಟ್ಟುತ್ತದೆ, ಆದರೆ ಬಲದ ಶಿಖರ ಹಿಂದಿನ ಶಿಖರಕ್ಕಿಂತ ಗಿಡ್ಡವಾಗಿರುತ್ತದೆ. ಮೊದಲ ಸಲ 450ಕ್ಕೆ ಹೋದಾಗ ಬಲ 40 ಇತ್ತು, ಮೂರು ವಾರದ ನಂತರ 465ಕ್ಕೆ ಹೋದಾಗ 22 ಮಾತ್ರ. ಬೆಲೆ ಇನ್ನೂ ಏರುತ್ತಿದೆ, ಏರಿಸುವ ಕೈಗಳು ಕಡಿಮೆಯಾಗಿವೆ. ಎರಡು ಶಿಖರಗಳ ನಡುವೆ ಬಲ ಒಮ್ಮೆ ಸೊನ್ನೆಯ ಕೆಳಗೆ ಹೋಗಿ ಬಂದಿದ್ದರೆ ಈ ಸೂಚನೆಗೆ ಹೆಚ್ಚು ಬೆಲೆ ಕೊಡಬಹುದು. ಇದನ್ನು ಕಂಡ ಕೂಡಲೇ ಮಾರಬೇಕೆಂದಿಲ್ಲ. ಸ್ಟಾಪ್‌ಲಾಸನ್ನು ಹತ್ತಿರಕ್ಕೆ ತಂದುಕೊಳ್ಳಲು ಇಷ್ಟು ಕಾರಣ ಸಾಕು.

ಲೆಕ್ಕ ಸರಿಯಾಗಿದ್ದೂ ಉತ್ತರ ತಪ್ಪುವ ಸಂದರ್ಭಗಳಿವೆ, ಮತ್ತು ಅವು ನಮ್ಮ ಪೇಟೆಯಲ್ಲಿ ಪದೇ ಪದೇ ಬರುತ್ತವೆ. ಸಣ್ಣ ಕಂಪನಿಯ ಷೇರು ಶೇ 5ರ ಅಪ್ಪರ್ ಸರ್ಕ್ಯೂಟ್ ಮುಟ್ಟಿ ನಿಂತಾಗ ಕೊಳ್ಳುವವರ ಸಾಲು ಉದ್ದವಿರುತ್ತದೆ, ಮಾರುವವರೇ ಇರುವುದಿಲ್ಲ. ವ್ಯವಹಾರ ನಡೆಯದಿದ್ದ ಮೇಲೆ ವಾಲ್ಯೂಮ್ ಇಲ್ಲ. ಬಲ ಅತಿ ಹೆಚ್ಚಿರುವ ದಿನವೇ ಫೋರ್ಸ್ ಇಂಡೆಕ್ಸ್ ಅತಿ ಕಡಿಮೆ ತೋರಿಸುತ್ತದೆ. ಇಂಥ ಷೇರುಗಳಿಗೆ ಈ ಸೂಚಕವನ್ನು ಹಚ್ಚಲೇಬಾರದು. ದೀಪಾವಳಿಯ ಮುಹೂರ್ತ ಟ್ರೇಡಿಂಗ್ ಇನ್ನೊಂದು. ಒಂದು ಗಂಟೆಯ ಆ ವಹಿವಾಟಿಗೂ ಚಾರ್ಟಿನಲ್ಲಿ ಇಡೀ ಒಂದು ದಿನದ ಕ್ಯಾಂಡಲ್ ಸಿಗುತ್ತದೆ. ಹಿಂದಿನ ದಿನ 30ರಲ್ಲಿದ್ದ ಎರಡು ದಿನದ ಸರಾಸರಿ, ಅಂದಿನ ಬಲ ಬರೀ 1 ಆಗಿದ್ದರೆ, 11ಕ್ಕಿಂತ ಕೆಳಗೆ ಬರುತ್ತದೆ. ಷೇರಿಗೆ ಏನೂ ಆಗಿರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಏರುಪೇರು ಬೋನಸ್ ಷೇರುಗಳದು. ಒಂದಕ್ಕೊಂದು ಬೋನಸ್ ಕೊಟ್ಟ ಕಂಪನಿಯ ಷೇರು ನಿನ್ನೆ 840 ಇದ್ದದ್ದು ಇವತ್ತು 424ಕ್ಕೆ ಮುಗಿಯಿತು ಎನ್ನಿ. ನಿಜಕ್ಕೂ ಅದು ನಾಲ್ಕು ರೂಪಾಯಿಯ ಏರಿಕೆ. ಹಳೆಯ ಬೆಲೆಯನ್ನು ಸರಿಪಡಿಸದ ಲೆಕ್ಕದಲ್ಲಿ ಮಾತ್ರ 416 ರೂಪಾಯಿಯ ಕುಸಿತ. ವಹಿವಾಟು 6 ಲಕ್ಷವಿದ್ದರೆ ಬಲ −2,496. ಎರಡು ದಿನದ ಸರಾಸರಿ ಐದಾರು ದಿನದಲ್ಲಿ ಇದನ್ನು ಮರೆಯುತ್ತದೆ. ಹದಿಮೂರು ದಿನದ್ದು ಸುಮಾರು −350ಕ್ಕೆ ಬಿದ್ದು, ನಾಲ್ಕೈದು ದಿನಕ್ಕೊಮ್ಮೆ ಅರ್ಧವಾಗುತ್ತ, ಮೊದಲಿನ ಮಟ್ಟಕ್ಕೆ ಬರಲು ಇಪ್ಪತ್ತಕ್ಕೂ ಹೆಚ್ಚು ವಹಿವಾಟಿನ ದಿನ ಬೇಕು. ಅಷ್ಟೂ ದಿನ ಅದು ಮಾರುವವರ ಮೇಲುಗೈ ಎಂದೇ ಹೇಳುತ್ತಿರುತ್ತದೆ. ಹೆಚ್ಚಿನ ಆ್ಯಪ್‌ಗಳು ಹಳೆಯ ಬೆಲೆಯನ್ನು ತಾವಾಗಿಯೇ ಅರ್ಧಕ್ಕೆ ಇಳಿಸಿ ಸರಿಪಡಿಸುತ್ತವೆ ನಿಜ. ಆದರೆ ಹಳೆಯ ವಾಲ್ಯೂಮನ್ನೂ ಎರಡು ಪಟ್ಟು ಮಾಡಿವೆಯೇ ಎಂಬುದನ್ನು ನೋಡಬೇಕು. ಮಾಡಿರದಿದ್ದರೆ ಬೋನಸ್‌ಗೆ ಮುಂಚಿನ ಬಲದ ಶಿಖರಗಳೆಲ್ಲ ಅರ್ಧ ಎತ್ತರದಲ್ಲಿ ಕಾಣುತ್ತವೆ, ನಂತರದವು ಅವುಗಳ ಪಕ್ಕದಲ್ಲಿ ದೈತ್ಯವಾಗುತ್ತವೆ, ಮೇಲೆ ಹೇಳಿದ ಗಿಡ್ಡ ಶಿಖರದ ಎಚ್ಚರಿಕೆ ಸಿಗದೇ ಹೋಗುತ್ತದೆ. ಪರೀಕ್ಷಿಸುವುದು ಕಷ್ಟವಲ್ಲ: ಬೋನಸ್ ದಿನದ ಹಿಂದಿನ ಒಂದು ದಿನವನ್ನು ಆರಿಸಿ, ಆ್ಯಪ್ ತೋರಿಸುವ ವಾಲ್ಯೂಮನ್ನು ಎನ್‌ಎಸ್‌ಇ ಜಾಲತಾಣದ ಆ ದಿನದ ಭಾವ್‌ಕಾಪಿಯಲ್ಲಿರುವ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಆ್ಯಪಿನದು ಸರಿಯಾಗಿ ಎರಡರಷ್ಟಿದ್ದರೆ ಚಾರ್ಟನ್ನು ನಂಬಬಹುದು. ಎರಡೂ ಒಂದೇ ಆಗಿದ್ದರೆ ಬೋನಸ್‌ನ ಆಚೆಗಿನ ಶಿಖರಗಳನ್ನು ಈಚೆಗಿನವುಗಳ ಜೊತೆ ಹೋಲಿಸಬೇಡಿ.